ಉಗ್ಗುವ ಮಗುವೂ ಮನೆಯವರ ತಾಳ್ಮೆಯೂ: ಲಿಡ್‌ಕಾಂಬ್ ಪದ್ಧತಿಯ ವಿಮರ್ಶೆ

ಎರಡರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಮಾತು ಬೆಳೆಯುವ ಹೊತ್ತಿಗೇ ಕಾಣಿಸಿಕೊಳ್ಳುವ ಉಗ್ಗನ್ನು ಗುರುತಿಸುವಾಗ ತಂದೆತಾಯಂದಿರು ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ. ‘ನನಗೆ, ನನಗೆ ಮೀನು ಬೇಕು’ ಎಂದು ಇಡೀ ಪದವನ್ನು ಒಂದೆರಡು ಸಲ ಸರಾಗವಾಗಿ ಮರಳಿ ಹೇಳುವುದು ಬೆಳೆಯುವ ಮಾತಿನ ಸಹಜ ತಡವರಿಕೆ. ಆದರೆ ‘ಕ-ಕ-ಕ-ಕಡಲು’ ಎಂದು ಪದದ ಮೊದಲಕ್ಷರ ಮರುಕಳಿಸುವುದು, ‘ಮ್‌ಮ್‌ಮ್ಮೀನು’ ಎಂದು ಧ್ವನಿ ಎಳೆದುಕೊಳ್ಳುವುದು, ಬಾಯಿ ತೆರೆದರೂ ಸದ್ದೇ ಹೊರಡದೆ ಮುಖ ಬಿಗಿಯುವುದು ಉಗ್ಗಿನ ಲಕ್ಷಣಗಳು. ಇದಕ್ಕೆ ಮುಖ್ಯವಾಗಿ ಮಿದುಳಿನಲ್ಲಿ ಮಾತಿನ ಚಲನೆ ಹೊಂದಿಕೊಳ್ಳುವ ಕ್ರಮವೂ ವಂಶವಾಹಿಯೂ ಕಾರಣವೇ ಹೊರತು ಮಗುವಿನ ಹಟವಾಗಲಿ ತಾಯಿಯ ಅಲಕ್ಷ್ಯವಾಗಲಿ ಅಲ್ಲ.

ಕರಾವಳಿಯ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು: ಬಜೆಯನ್ನು ತೇಯ್ದು ನಾಲಿಗೆಗೆ ಸವರುವುದು, ಇಲ್ಲವೇ ‘ನಿಧಾನ ಹೇಳು, ಮತ್ತೊಮ್ಮೆ ಸರಿಯಾಗಿ ಹೇಳು’ ಎಂದು ತಿದ್ದುವುದು. ಉಗ್ಗಲಾರಂಭಿಸಿದ ಮಕ್ಕಳಲ್ಲಿ ಬಹುಪಾಲು ಕೆಲವು ವರ್ಷಗಳಲ್ಲಿ ತಾವಾಗಿಯೇ ಸರಿಹೋಗುವುದರಿಂದ, ಆ ಅವಧಿಯಲ್ಲಿ ಏನು ಮಾಡಿದ್ದರೂ ಅದಕ್ಕೇ ಫಲದ ಕೀರ್ತಿ ಸಲ್ಲುತ್ತದೆ. ಬಜೆಯ ಮೇಲಿನ ನಂಬಿಕೆ ಉಳಿದಿರುವುದೂ ಇದರಿಂದಲೇ ಇರಬಹುದು. ತಿದ್ದುವ ಅಭ್ಯಾಸದ ತೊಂದರೆ ಇನ್ನೂ ಆಳವಾದದ್ದು: ತಾನು ಹೇಳಿದ ವಿಷಯಕ್ಕಿಂತ ಹೇಳಿದ ರೀತಿಯನ್ನೇ ಹಿರಿಯರು ಕೇಳುತ್ತಿದ್ದಾರೆಂದು ತಿಳಿದ ಮಗು ಕಷ್ಟದ ಪದವನ್ನು ಬಿಟ್ಟು ಬೇರೆ ಪದ ಹುಡುಕಬಹುದು, ಮಾತು ಕಡಿಮೆ ಮಾಡಬಹುದು.

ಸಿಡ್ನಿಯಲ್ಲಿ ರೂಪುಗೊಂಡ ಲಿಡ್‌ಕಾಂಬ್ ಪದ್ಧತಿಯೂ ಮೇಲ್ನೋಟಕ್ಕೆ ತಿದ್ದುವಿಕೆಯಂತೆಯೇ ಕಾಣುತ್ತದೆಯಾದ್ದರಿಂದ ಅದನ್ನು ಎಚ್ಚರದಿಂದ ತೂಗಬೇಕು. ಇದರಲ್ಲಿ ಚಿಕಿತ್ಸೆ ಕೊಡುವವರು ತಂದೆತಾಯಂದಿರೇ; ವಾಕ್ ಚಿಕಿತ್ಸಕರು ವಾರಕ್ಕೊಮ್ಮೆ ಅವರನ್ನು ತರಬೇತುಗೊಳಿಸುತ್ತಾರೆ. ಮನೆಯಲ್ಲಿ ದಿನಕ್ಕೆ 10–15 ನಿಮಿಷ, ಉಗ್ಗು ಬಾರದಷ್ಟು ಚಿಕ್ಕ ಮಾತುಗಳ ಆಟ ನಡೆಸಿ, ಸರಾಗವಾದ ಮಾತನ್ನು ಆಗಾಗ ಮೆಚ್ಚಿ, ಅಪರೂಪಕ್ಕೆ ಮಾತ್ರ ಉಗ್ಗಿದ ಮಾತನ್ನು ಮೃದುವಾಗಿ ಗುರುತಿಸಬೇಕು. ಜೊತೆಗೆ ಇಡೀ ದಿನದ ಉಗ್ಗಿಗೆ 0ಯಿಂದ 9ರವರೆಗಿನ ಒಂದು ಅಂಕ ಬರೆದಿಡಬೇಕು; ಬೇಕಿದ್ದರೆ ದಿನದ ಬೇರೆ ಬೇರೆ ಹೊತ್ತಿಗೂ ಅಂಕ ಬರೆಯಬಹುದು. 0 ಎಂದರೆ ಉಗ್ಗೇ ಇಲ್ಲ, 9 ಎಂದರೆ ಅತಿ ತೀವ್ರ.

ಉದಾಹರಣೆಗೆ, ಕಾರ್ಕಳದ ತುಳು ಮಾತನಾಡುವ ಕೂಡುಕುಟುಂಬದ ನಾಲ್ಕು ವರ್ಷದ ಮಗುವೊಂದನ್ನು ಕಲ್ಪಿಸಿಕೊಳ್ಳಬಹುದು. ಸಂಜೆ ಎಲ್ಲರೂ ಒಟ್ಟಿಗೆ ಮಾತನಾಡುವಾಗ ಅಂಕ 6ಕ್ಕೇರಿ, ಬೆಳಿಗ್ಗೆ ಅಜ್ಜಿಯೊಡನೆ ಮಾತ್ರ ಇದ್ದಾಗ 2ಕ್ಕಿಳಿದರೆ, ಅಭ್ಯಾಸಕ್ಕೆ ಬೆಳಗಿನ ಹೊತ್ತೇ ತಕ್ಕುದೆಂದೂ ಸಂಜೆ ಒಬ್ಬೊಬ್ಬರೇ ಸರದಿಯಂತೆ ಮಾತನಾಡುವುದು ಅಗತ್ಯವೆಂದೂ ಆ ಅಂಕಗಳೇ ತಿಳಿಸುತ್ತವೆ. ತುಳುವನ್ನು ಬಿಟ್ಟು ಕನ್ನಡವನ್ನೋ ಇಂಗ್ಲಿಷನ್ನೋ ಮಾತ್ರ ಆಡಿಸಬೇಕೆಂಬ ಸಲಹೆಗೆ ಆಧಾರವಿಲ್ಲ. ಅಜ್ಜಿಯ ಭಾಷೆಯನ್ನು ಕಿತ್ತುಕೊಂಡರೆ ಮಗು ಅತ್ಯಂತ ಸಲೀಸಾಗಿ ಮಾತನಾಡುವ ಹೊತ್ತೇ ಕೈತಪ್ಪುತ್ತದೆ.

ಪದ್ಧತಿಗೆ ಪುರಾವೆ ಇದೆ. 2005ರಲ್ಲಿ ಪ್ರಕಟವಾದ, ನ್ಯೂಜಿಲೆಂಡಿನ 54 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಒಂಬತ್ತು ತಿಂಗಳ ಬಳಿಕ ಚಿಕಿತ್ಸೆ ಪಡೆದವರು ಸರಾಸರಿ ನೂರು ಅಕ್ಷರಗಳಲ್ಲಿ 1.5ರಷ್ಟನ್ನು ಉಗ್ಗಿದರೆ, ಉಳಿದವರು 3.9ರಷ್ಟನ್ನು ಉಗ್ಗಿದರು. ಆದರೆ 2015ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸಿನ ಅಧ್ಯಯನ 199 ಮಕ್ಕಳಲ್ಲಿ ಇದನ್ನು ಮತ್ತೊಂದು ಪದ್ಧತಿಯೊಡನೆ ಹೋಲಿಸಿತು. ಆ ಎರಡನೆಯ ಪದ್ಧತಿಯಲ್ಲಿ ಹಿರಿಯರು ಮಗುವಿನ ಮಾತನ್ನು ಮುಟ್ಟದೆ, ತಮ್ಮ ವೇಗ ತಗ್ಗಿಸಿ, ಪ್ರಶ್ನೆ ಕಡಿಮೆ ಮಾಡಿ, ಉತ್ತರಕ್ಕೆ ಮುನ್ನ ತುಸು ತಡೆದು, ಮಗುವಿನ ಮೇಲಿನ ಒತ್ತಡ ಇಳಿಸುತ್ತಾರೆ. ಹದಿನೆಂಟು ತಿಂಗಳ ಬಳಿಕ ಎರಡೂ ಗುಂಪುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಮಕ್ಕಳು ಉಗ್ಗುಮುಕ್ತರಾಗಿದ್ದರು. ಚಿಕಿತ್ಸೆಯೇ ಇಲ್ಲದ ಗುಂಪು ಅಲ್ಲಿ ಇರಲಿಲ್ಲವಾದ್ದರಿಂದ ಇದರಲ್ಲಿ ಸಹಜ ಚೇತರಿಕೆಯ ಪಾಲೂ ಸೇರಿದೆ.

ಆದ್ದರಿಂದ ತಜ್ಞರಿಲ್ಲದೆ ಮನೆಯಲ್ಲಿ ಆರಂಭಿಸಲು ಯೋಗ್ಯವಾದದ್ದು ಎರಡನೆಯ ದಾರಿಯೇ: ನಡುವೆ ಬಾಯಿ ಹಾಕದೆ, ಪದ ಮುಗಿಸಿಕೊಡದೆ, ಮಗುವಿನತ್ತ ನೋಡುತ್ತ ಕೇಳಿ, ಹೇಳಿದ ವಿಷಯಕ್ಕೇ ಉತ್ತರಿಸುವುದು. ಅಂಕ, ಮೆಚ್ಚುಗೆಯ ಪ್ರಮಾಣ, ವಾರದ ಪರಿಶೀಲನೆ ಇಲ್ಲದ ಲಿಡ್‌ಕಾಂಬ್ ಮತ್ತೆ ಹಳೆಯ ತಿದ್ದುವಿಕೆಯಾಗಿಬಿಡುತ್ತದೆ. ವಾಕ್ ಚಿಕಿತ್ಸೆ ಸಿಗುವ ಮಣಿಪಾಲ ಕಾಪುವಿನವರಿಗೆ ಹತ್ತಿರವಾದರೂ ಕಾರ್ಕಳದ ದಿನಗೂಲಿ ತಾಯಿಗೆ ವಾರವಾರವೂ ಅಲ್ಲಿಗೆ ಬಂದುಹೋಗುವುದೆಂದರೆ ಒಂದು ದಿನದ ಸಂಬಳ ಬಿಟ್ಟಂತೆ. ವಿಡಿಯೊ ಕರೆಯ ಮೂಲಕ ಕೊಟ್ಟ ಚಿಕಿತ್ಸೆಯೂ ಪರೀಕ್ಷೆಗಳಲ್ಲಿ ಸರಿಸಮ ಫಲ ನೀಡಿರುವುದರಿಂದ ಈ ತೊಡಕು ನೀಗದ್ದಲ್ಲ.

ತಾಳ್ಮೆಗೂ ಸುಮ್ಮನೆ ಕಾಯುವುದಕ್ಕೂ ವ್ಯತ್ಯಾಸವಿದೆ. ಉಗ್ಗು ಆರು ತಿಂಗಳಿಗೂ ಹೆಚ್ಚು ಉಳಿದರೆ, ಮನೆತನದಲ್ಲಿ ಉಗ್ಗು ವಾಸಿಯಾಗದ ಹಿರಿಯರಿದ್ದರೆ, ಮಗು ಕಣ್ಣು ಮುಚ್ಚಿ ದವಡೆ ಬಿಗಿಯುತ್ತಿದ್ದರೆ ಅಥವಾ ಮಾತನ್ನೇ ತಪ್ಪಿಸತೊಡಗಿದರೆ, ಶಾಲೆಗೆ ಸೇರುವವರೆಗೂ ನೋಡೋಣವೆನ್ನದೆ ವಾಕ್ ಚಿಕಿತ್ಸಕರನ್ನು ಕಾಣಬೇಕು.