ಬೆಳಗಾದರೆ ಗುರುವಾರ

ಕೈಬರಹದ ಹಳೆಯ ಜಾತಕವನ್ನು ಅವಸರದಲ್ಲಿ ಓದಬಾರದು. ಅಂಚಿಗೆ ಹಚ್ಚಿದ ಅರಿಶಿನ ಮಾಸಿದ್ದರೂ ಅಕ್ಷರ ಮಾಸಿರುವುದಿಲ್ಲ. ಸಂವತ್ಸರದಿಂದ ಶುರುವಾದ ಬರಹ ಮಾಸ, ಪಕ್ಷ, ತಿಥಿ, ವಾರ ಎಂದು ದೊಡ್ಡ ಕಾಲದಿಂದ ಚಿಕ್ಕ ಕಾಲಕ್ಕೆ ಮೆಟ್ಟಿಲಿಳಿಯುತ್ತ ಬಂದು, ಕೊನೆಗೆ ಕೂಸು ಅತ್ತ ಗಳಿಗೆ ವಿಗಳಿಗೆಯಲ್ಲಿ ನಿಲ್ಲುತ್ತದೆ. ಆ ಇಳಿಜಾರಿನಲ್ಲೇ ಒಂದು ರುಚಿಯಿದೆ. ಕೊನೆಯ ಮೆಟ್ಟಿಲಲ್ಲಿ ಇಡೀ ಸಂಬಂಧವೇ ಎಡವಿ, ಮತ್ತೆ ಎದ್ದು ನಿಂತ ಕಥೆ ಇದು.

ಹೆಣ್ಣು ಮೈಸೂರಿನವಳು, ಗಂಡು ಶಿವಮೊಗ್ಗದವನು. ಹುಡುಗಿಯದು ಚಿತ್ತಾ ನಕ್ಷತ್ರ, ಹುಡುಗನದು ಮೂಲಾ. ಎರಡು ನಕ್ಷತ್ರಗಳನ್ನು ಹೇಳಿದ್ದೇ ತಡ, ಪಂಚಾಂಗದ ಕೋಷ್ಟಕ ನೋಡಿ ಸಾಲಾವಳಿ ಕೂಡಿಬಂತು ಎಂದಿದ್ದರು. ನಿಶ್ಚಿತಾರ್ಥಕ್ಕೆ ವಾರವಿದೆ ಎನ್ನುವಾಗ, ಹುಡುಗನ ಸೋದರತ್ತೆ ಒಂದು ಹಾಳೆ ಹಿಡಿದು ಮೈಸೂರಿಗೆ ಬಂದರು. ಮನೆಯ ಹುಡುಗರು ಫೋನಿನಲ್ಲಿ ಜಾತಕ ಹಾಕಿ ನೋಡಿದ್ದರು. ಅದರಲ್ಲಿ ಹುಡುಗಿಯ ನಕ್ಷತ್ರ ಹಸ್ತಾ, ರಾಶಿ ಕನ್ಯಾ. ಹಸ್ತಾ, ಮೂಲಾ ಎರಡೂ ಆದಿ ನಾಡಿ. ಏಕನಾಡಿಯಾದರೆ 36 ಗುಣಗಳಲ್ಲಿ ಎಂಟು ಒಮ್ಮೆಲೇ ಸೊನ್ನೆ. ಹಸ್ತಾ ದೇವಗಣ, ಮೂಲಾ ರಾಕ್ಷಸಗಣವಾದ್ದರಿಂದ ಗಣವೂ ಕೂಡಲಿಲ್ಲ. ಬೇಕಾದ 18 ಗುಣ ಬರಲೇ ಇಲ್ಲ.

ಅದಕ್ಕಿಂತ ಹೆಚ್ಚಾಗಿ ಅತ್ತೆಯವರಿಗೆ ಚುಚ್ಚಿದ್ದು ಇನ್ನೊಂದು. ಜಾತಕದಲ್ಲಿ ಹುಟ್ಟಿದ್ದು 26-2-1997, ಬುಧವಾರ. ಜನನ ಪ್ರಮಾಣಪತ್ರದಲ್ಲಿ 27. ಸಾಲಾವಳಿಗಾಗಿ ಜಾತಕ ತಿದ್ದಿಸುವವರು ಇದ್ದಾರೆಂಬುದು ಯಾರಿಗೆ ಗೊತ್ತಿಲ್ಲ? ಅವರು ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. "ಕೂಸು ಹುಟ್ಟಿದ ತಾರೀಕು ಎರಡಿರೋಕೆ ಸಾಧ್ಯವಾ ಅಂತ ಕೇಳ್ತಿದೀನಿ ಅಷ್ಟೆ" ಎಂದರು. ಹುಡುಗಿಯ ತಾಯಿ ಕಾಫಿ ಲೋಟ ಇಟ್ಟು, ಮಾತಾಡದೆ ಒಳಗೆ ಹೋದರು.

ಬೀದಿಯ ಕೊನೆಯ ಮನೆಯಿಂದ ಜೋಯಿಸರನ್ನು ಕರೆಸಿದರು. ಕಥೆಯ ಸೊಗಸು ಇಲ್ಲಿಂದ ಶುರು. ಜೋಯಿಸರು ಗುಣಗಳ ಲೆಕ್ಕವನ್ನು ನೋಡಲೇ ಇಲ್ಲ. ಕೈಬರಹದ ಕುಂಡಲಿಯನ್ನೂ ಫೋನಿನವರ ಹಾಳೆಯನ್ನೂ ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟು, ಹನ್ನೆರಡು ಮನೆಗಳನ್ನು ಒಂದೊಂದಾಗಿ ತಾಳೆ ನೋಡಿದರು. ಎರಡರಲ್ಲೂ ಕುಂಭದಲ್ಲಿ ರವಿ, ಮಕರದಲ್ಲಿ ಗುರು, ಮೀನದಲ್ಲಿ ಶನಿ. ಎಡಗಡೆ ಕೆಳಮೂಲೆಯ ಧನುಸ್ಸಿನಲ್ಲಿ ಎರಡರಲ್ಲೂ ಲಗ್ನ. ಚಂದ್ರ ಮಾತ್ರ ಫೋನಿನಲ್ಲಿ ಬಲಗಡೆ ಕೆಳಮೂಲೆಯ ಕನ್ಯೆಯಲ್ಲಿ, ಕೈಬರಹದಲ್ಲಿ ಅದರ ಪಕ್ಕದ ತುಲೆಯಲ್ಲಿ.

"ಲಗ್ನ ಕದಲಿಲ್ಲ, ಚಂದ್ರ ಕದಲಿದಾನೆ" ಎಂದರು ಜೋಯಿಸರು. "ಹಾಗಾದ್ರೆ ಹೊತ್ತು ತಪ್ಪಿಲ್ಲ, ದಿನ ತಪ್ಪಿದೆ."

ಈ ಒಂದು ಮಾತನ್ನು ನಿಧಾನವಾಗಿ ಸವಿಯಬೇಕು. ಲಗ್ನ ಹೆಚ್ಚುಕಡಿಮೆ ಎರಡು ಗಂಟೆಗೊಂದು ರಾಶಿ ದಾಟುತ್ತದೆ. ಚಂದ್ರನಿಗೆ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ಬೇಕು. ಹುಟ್ಟಿದ ಹೊತ್ತನ್ನು ಎರಡು ಮೂರು ಗಂಟೆ ತಪ್ಪಾಗಿ ಬರೆದರೆ ಲಗ್ನ ಪಕ್ಕದ ಮನೆಗೆ ಹೋಗುತ್ತದೆ, ಚಂದ್ರ ಬಹುಮಟ್ಟಿಗೆ ಇದ್ದಲ್ಲೇ ಇರುತ್ತಾನೆ. ಹಗಲು ಎರಡನ್ನು ರಾತ್ರಿ ಎರಡು ಎಂದು ಬರೆದರೆ ಲಗ್ನ ನೇರ ಎದುರು ಮನೆಗೆ, ಅಂದರೆ ಧನುಸ್ಸಿನಿಂದ ಮಿಥುನಕ್ಕೆ ಹಾರುತ್ತದೆ. ಆದರೆ ಹೊತ್ತು ಅದೇ ಇದ್ದು ದಿನ ಮಾತ್ರ ಒಂದು ತಪ್ಪಿದರೆ, ಲಗ್ನ ಮತ್ತೆ ಅದೇ ಮನೆಗೆ ಬಂದು ಕೂತಿರುತ್ತದೆ. ಮಂದಗತಿಯ ಗುರು ಶನಿಗಳೂ ಅಲ್ಲೇ. ಚಂದ್ರನೊಬ್ಬನೇ ಒಂದು ನಕ್ಷತ್ರ ಹಿಂದಕ್ಕೋ ಮುಂದಕ್ಕೋ ಸರಿದಿರುತ್ತಾನೆ. ಅಂದರೆ ತಪ್ಪು ತನ್ನ ಗುರುತನ್ನು ತಾನೇ ಬಿಟ್ಟುಹೋಗುತ್ತದೆ.

ದಿನ ತಪ್ಪಿದ್ದು ಹೇಗೆ? ಜಾತಕದಲ್ಲಿ ಬರೆದದ್ದು ಹೀಗೆ: ಧಾತು ಸಂವತ್ಸರ, ಮಾಘ ಬಹುಳ ಚೌತಿ, ಬುಧವಾರ, ಸೂರ್ಯೋದಯಾದಿ ಗತ ಗಳಿಗೆ 49, ವಿಗಳಿಗೆ 30. ಅದರ ಕೆಳಗೆ ಬೇರೆ ಶಾಯಿಯಲ್ಲಿ ಯಾರೋ "ತಾ. 26-2-1997 ರಾತ್ರಿ 2-28" ಎಂದು ಸೇರಿಸಿದ್ದರು. ಫೋನಿನವರು ಹಿಡಿದದ್ದು ಈ ಕೊನೆಯ ಸಾಲನ್ನು.

ಜೋಯಿಸರು ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ದಿನಕ್ಕೆ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ನಲವತ್ತೊಂಬತ್ತೂವರೆ ಗಳಿಗೆಯೆಂದರೆ 19 ಗಂಟೆ 48 ನಿಮಿಷ. ಆ ದಿನ ಮೈಸೂರಿನಲ್ಲಿ ಸೂರ್ಯೋದಯ 6-40ರ ಸುಮಾರಿಗೆ. ಬುಧವಾರ ಬೆಳಗಿನ 6-40ಕ್ಕೆ ಅಷ್ಟನ್ನು ಕೂಡಿಸಿದರೆ ಮಧ್ಯರಾತ್ರಿ ದಾಟಿ 2-28. ಪಂಚಾಂಗಕ್ಕೆ ದಿನ ಹುಟ್ಟುವುದು ಸೂರ್ಯ ಹುಟ್ಟಿದಾಗ, ಹಾಗಾಗಿ ಅದಿನ್ನೂ ಬುಧವಾರ. ಆಸ್ಪತ್ರೆಗೆ ದಿನ ಹುಟ್ಟುವುದು ರಾತ್ರಿ ಹನ್ನೆರಡಕ್ಕೆ, ಹಾಗಾಗಿ ಆಗಲೇ ಗುರುವಾರ, 27. ಫೋನಿಗೆ 26, ಬೆಳಗಿನ ಜಾವ 2-28 ಎಂದು ಕೊಟ್ಟಾಗ ಅದು ಹುಡುಗಿಯನ್ನು 24 ಗಂಟೆ ಮುಂಚೆಯೇ ಹುಟ್ಟಿಸಿಬಿಟ್ಟಿತ್ತು.

ಲೆಕ್ಕ ಮುಗಿದರೂ ಅತ್ತೆಯವರ ಮುಖ ಪೂರ್ತಿ ಸಡಿಲಾಗಲಿಲ್ಲ. ಲೆಕ್ಕವನ್ನು ಯಾವ ಕಡೆಗಾದರೂ ಎಳೆಯಬಹುದಲ್ಲ! ಅವರಿಗೆ ಬೇಕಾದದ್ದು ಸಾಕ್ಷಿ. ಅದು ಸಿಕ್ಕಿದ್ದು ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಅಜ್ಜಿಯಿಂದ.

"ಅವತ್ತು ಬುಧವಾರ ರಾತ್ರಿ, ಬೆಳಗಾದ್ರೆ ಗುರುವಾರ" ಎಂದರು ಅಜ್ಜಿ, ಇಪ್ಪತ್ತೆಂಟು ವರ್ಷ ಇದನ್ನೇ ಹೇಳುತ್ತ ಬಂದವರಂತೆ. "ತೊಟ್ಟಿಲಿಗೆ ಹಾಕುವಾಗ ರಕಾರದ ಹೆಸರೇ ಬರಬೇಕು ಅಂದಿದ್ರು. ಅದಕ್ಕೇ ಕಿವೀಲಿ ರೀತಿಗೌಳ ಅಂತ ಕೂಗಿದ್ದು ಅವಳ ತಾತ. ಸಂಗೀತದ ಹುಚ್ಚು ನೋಡಿ ಅವರಿಗೆ."

ಜೋಯಿಸರು ನಕ್ಕೇಬಿಟ್ಟರು. ಚಿತ್ತಾ ನಕ್ಷತ್ರದ ನಾಲ್ಕು ಪಾದಕ್ಕೆ ಪೇ, ಪೋ, ರಾ, ರೀ. ಹಸ್ತಾ ನಕ್ಷತ್ರವಾಗಿದ್ದರೆ ಪೂ, ಷ, ಣ, ಠ. ಠಕಾರದಿಂದ ತಾತ ಯಾವ ರಾಗ ಹುಡುಕಬೇಕಿತ್ತೋ! ಜಾತಕದ ಕೊನೆಯಲ್ಲಿ ಜನ್ಮಕಾಲಕ್ಕೆ ಕುಜದಶಾ ಶೇಷ ಎಂದಿದ್ದದ್ದೂ ತಾಳೆಯಾಯಿತು. ಚಿತ್ತಾ ನಕ್ಷತ್ರದ ದಶಾಧಿಪತಿ ಕುಜ, ಹಸ್ತಾ ನಕ್ಷತ್ರದವನು ಚಂದ್ರ. ತೊಟ್ಟಿಲ ದಿನ ತಾತನಿಗೆ ಈ ಸಂಬಂಧದ ಕನಸೂ ಬಿದ್ದಿರಲಾರದು. ತಿದ್ದುವ ಕಾರಣವೇ ಇಲ್ಲದ ಕಾಲದಲ್ಲಿ ಇಟ್ಟ ಹೆಸರಾದ್ದರಿಂದ ಅದರ ತೂಕ ಹೆಚ್ಚು.

ಫೋನಿಗೆ 27 ಎಂದು ಕೊಟ್ಟು ಮತ್ತೆ ನೋಡಿದರು. ಚಂದ್ರ ತುಲೆಗೆ ಬಂದ. ಚಿತ್ತಾ ಮಧ್ಯ ನಾಡಿಯಾದ್ದರಿಂದ ಎಂಟು ಗುಣ ಮರಳಿದವು. ಗಣಕ್ಕೆ ಪೂರ್ತಿ ಆರು, ಏಕೆಂದರೆ ಚಿತ್ತಾ ನಕ್ಷತ್ರದ್ದೂ ರಾಕ್ಷಸಗಣ! ಬೆಳಗಿನವರೆಗೆ ಫೋನಿನಲ್ಲಿ ದೇವಗಣದವಳಾಗಿದ್ದ ಹುಡುಗಿ ರಾಕ್ಷಸಗಣಕ್ಕೆ ಬಂದದ್ದಕ್ಕೆ ಎರಡು ಮನೆಯವರೂ ಒಟ್ಟಿಗೆ ಉಸಿರು ಬಿಟ್ಟರು. ಒಳಗೆ ಹೋಗಿದ್ದ ತಾಯಿ ತಾವಾಗಿಯೇ ಎರಡನೆಯ ಕಾಫಿ ತಂದರು.

ಜೋಯಿಸರು ಬೇರೆ ಶಾಯಿಯ ಸಾಲಿನ ಪಕ್ಕ "ಆಂಗ್ಲರೀತ್ಯಾ 27, ಗುರುವಾರ ಬೆಳಗಿನ ಜಾವ" ಎಂದು ಬರೆದು, ಮುಂದೆ ಓದುವವರು ಎಡವದಂತೆ ಅಡಿಗೆರೆ ಎಳೆದರು.

ಅತ್ತೆಯವರು ಹಾಳೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಹುಡುಗಿಯನ್ನು ಹತ್ತಿರ ಕರೆದರು. "ನಮ್ಮನೇಲಿ ರಾಕ್ಷಸಗಣ ಅಂತ ಇದ್ದಿದ್ದು ನಾನು, ನಮ್ಮ ಹುಡುಗ, ಇಬ್ಬರೇ. ಎಲ್ಲದಕ್ಕೂ ನಮ್ಮನ್ನೇ ಆಡಿಕೊಳ್ತಿದ್ರು. ಇನ್ನು ಮೂರು ಜನ ಆದ್ವಿ, ಮಾತಾಡ್ಲಿ ನೋಡೋಣ."