ಫ್ರಿಜ್ ಇಲ್ಲದ ಕೋಣೆಯಲ್ಲಿ ಹೀರೇಕಾಯಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಬಾಡಿಗೆ ಕೋಣೆಗಳಲ್ಲಿ ಒಂದು ಸಣ್ಣ ಗ್ಯಾಸ್ ಒಲೆ, ಕುಕ್ಕರ್, ಬಾಣಲೆ ಇದ್ದರೆ ಅಡುಗೆಮನೆ ಆಯಿತು. ಫ್ರಿಜ್ ಇರುವುದು ಕಡಿಮೆ. ಇಂಥ ಕೋಣೆಯ ಕಸದ ಬುಟ್ಟಿ ನಿಜವಾಗಿ ತುಂಬುವುದು ಸಂತೆಯಲ್ಲಿ. ‘ಕಿಲೋ ತೊಗೊಂಡ್ರ ಅಗ್ಗ’ ಎಂಬ ಮಾತಿಗೆ ಒಪ್ಪಿ ತಂದ ಹಣ್ಣು ಟೊಮೆಟೊ ನಾಲ್ಕನೇ ದಿನಕ್ಕೆ ನೀರೊಡೆದರೆ ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು. ಒಬ್ಬರಿಗೆ ಪಾವು ಕಿಲೋ ಸಾಕು.

ಕೈಚೀಲದಲ್ಲಿ ಮೊದಲ ಜಾಗ ಸಿಗಬೇಕಾದದ್ದು ಹೀರೇಕಾಯಿಗೆ. ಒಂದೇ ಕಾಯಿಯಿಂದ ಎರಡು ಪದಾರ್ಥ ಆಗುತ್ತವೆ. ಆದರೆ ಕಾಯಿ ಎಳೆಯದಿರಬೇಕು. ಬಲಿತದ್ದರ ಸಿಪ್ಪೆ ಎಷ್ಟು ಹುರಿದರೂ ನಾರು ನಾರು. ಮನೆಗೆ ತಂದು ಉಜ್ಜಿ ತೊಳೆದ ಮೇಲೆ ಒಂದು ಚೂರು ಹಸಿಯಾಗಿಯೇ ನಾಲಗೆಗೆ ಮುಟ್ಟಿಸಿ ನೋಡುವುದನ್ನು ಮರೆಯಬಾರದು. ಕಹಿ ಇದ್ದರೆ ಇಡೀ ಕಾಯಿಯನ್ನೇ ಬಿಡಬೇಕು. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆಯನ್ನೂ ಕೆಡಿಸುತ್ತದೆ. ಉಳಿತಾಯದ ಹಟ ಇಲ್ಲಿ ಸಲ್ಲದು.

ಏಣುಗಳನ್ನು ಸೇರಿಸಿಯೇ ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಬೇಕು. ಹಸಿ ವಾಸನೆ ಹೋಗಿ ಅಂಚು ಗರಿಯಾದಾಗ ಎರಡು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಇನ್ನಷ್ಟು ಬಾಡಿಸುವುದು. ಆಮೇಲೆ ಒಂದು ಹಿಡಿ ಹುರಿದ ಶೇಂಗಾ, ಚೂರು ಹುಣಸೆಹಣ್ಣು, ಉಪ್ಪು ಸೇರಿಸಿ ಕುಟ್ಟಾಣಿಯಲ್ಲಿ ಕುಟ್ಟಿದರೆ ಚಟ್ನಿ. ಮಿಕ್ಸಿ ಬೇಕಿಲ್ಲ, ನೀರೂ ಹಾಕಬಾರದು. ನೀರು ಸೇರಿದರೆ ಬೇಗ ಹಳಸುತ್ತದೆ. ತಿರುಳನ್ನು ನೆನೆಸಿದ ಹೆಸರುಬೇಳೆಯ ಜೊತೆ ಬೇಯಿಸಿದರೆ ರಾತ್ರಿಯ ಪಲ್ಯ. ಹೀರೇಕಾಯಿಯೇ ನೀರು ಬಿಡುವುದರಿಂದ ಮೇಲೆ ಸ್ವಲ್ಪ ಚಿಮುಕಿಸಿದರೆ ಸಾಕು.

ಜೊತೆಗೆ ಕಟಕ ರೊಟ್ಟಿ. ಜೋಳದ ರೊಟ್ಟಿಯನ್ನು ತೇವವಿಲ್ಲದಂತೆ ಒಣಗಿಸಿದ್ದರಿಂದ ಅದು ಮುಚ್ಚಿದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಬೇಕಾದಷ್ಟನ್ನೇ ತೆಗೆದು ತಿನ್ನಬಹುದು, ಗ್ಯಾಸೂ ಉರಿಸಬೇಕಿಲ್ಲ. ಒಂಟಿ ಕೋಣೆಗೆ ಇದಕ್ಕಿಂತ ಒಳ್ಳೆಯ ದಾಸ್ತಾನು ಉತ್ತರ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಅನ್ನದ ಮಾತು ಬೇರೆ. ರಾತ್ರಿ ಮಿಕ್ಕಿದ ಅನ್ನವನ್ನು ಹಾಗೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವವರು ಬಹಳ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯದೆ, ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡಬಲ್ಲದು. ಆ ವಿಷ ಒಗ್ಗರಣೆಯ ಬಿಸಿಗೆ ನಾಶವಾಗದು, ವಾಸನೆಯಿಂದ ಗೊತ್ತೂ ಆಗದು. ಆದ್ದರಿಂದ ಬೇಸಿಗೆಯಲ್ಲಂತೂ ಫ್ರಿಜ್ ಇಲ್ಲದವರು ಒಂದು ಹೊತ್ತಿಗೆ ಬೇಕಾದಷ್ಟೇ ಅಕ್ಕಿ ಅಳೆದು ಹಾಕಲಿ. ಒಬ್ಬರ ಊಟಕ್ಕೆ 75ರಿಂದ 100 ಗ್ರಾಂ ಅಕ್ಕಿ ಹಿಡಿಯುವ ಲೋಟವೊಂದನ್ನು ಅಳತೆಗೆಂದೇ ಅಕ್ಕಿ ಡಬ್ಬಿಯೊಳಗೆ ಇಟ್ಟುಬಿಡಿ.