ವಿಳಾಸ ನೋಡದ ರೂಟರ್‌ಗಳು

ಸಾಮಾನ್ಯ ರೂಟರಿಗೆ ಪ್ಯಾಕೆಟ್ ಬಂದರೆ ಅದು ಮೊದಲು ನೋಡುವುದು ತಲುಪಬೇಕಾದ ಐಪಿ ವಿಳಾಸವನ್ನು. ವಿಳಾಸ 10.1.1.25 ಆಗಿದ್ದು, ಪಟ್ಟಿಯಲ್ಲಿ 10.0.0.0/8 ಮತ್ತು 10.1.1.0/24 ಎರಡೂ ಇದ್ದರೆ, ಹೆಚ್ಚು ಬಿಟ್‌ಗಳು ಹೊಂದುವ ಎರಡನೆಯದೇ ಗೆಲ್ಲುತ್ತದೆ. ದಾರಿಯ ಪ್ರತಿ ರೂಟರೂ ಈ ಹುಡುಕಾಟವನ್ನು ಹೊಸದಾಗಿ ಮಾಡಬೇಕು.

ಎಂಪಿಎಲ್‌ಎಸ್‌ನಲ್ಲಿ ಹುಡುಕಾಟ ಜಾಲದ ಅಂಚಿನಲ್ಲೇ ಮುಗಿಯುತ್ತದೆ. ಅಂಚಿನ ರೂಟರ್ ಪ್ಯಾಕೆಟ್ಟಿಗೆ 20 ಬಿಟ್‌ಗಳ ಒಂದು ಸಂಖ್ಯೆಯಿರುವ ಲೇಬಲ್ ಹಚ್ಚಿ ಕಳಿಸುತ್ತದೆ. ಒಳಗಿನ ರೂಟರ್‌ಗಳು ಆ ಸಂಖ್ಯೆಯನ್ನಷ್ಟೇ ನೋಡಿ, ಬದಲಿಸಿ, ಮುಂದೆ ದಾಟಿಸುತ್ತವೆ.

1990ರ ದಶಕದಲ್ಲಿ ಇದರ ಆಕರ್ಷಣೆ ವೇಗವೇ ಆಗಿತ್ತು. ಇಂದಿನ ಚಿಪ್‌ಗಳು ವಿಳಾಸವನ್ನೂ ಅಷ್ಟೇ ಸಲೀಸಾಗಿ ಹುಡುಕುತ್ತವೆ. ಆದರೂ ಸೇವಾ ಕಂಪನಿಗಳು ಇದನ್ನು ಬಿಟ್ಟಿಲ್ಲ, ಏಕೆಂದರೆ ಬರೀ ವಿಳಾಸದಿಂದ ಬಗೆಹರಿಯದ ಒಂದು ತೊಡಕು ಅವರ ಮುಂದಿದೆ.

ಒಂದು ಬ್ಯಾಂಕು, ಒಬ್ಬ ಜವಳಿ ವ್ಯಾಪಾರಿ ಒಂದೇ ಕಂಪನಿಯ ಗ್ರಾಹಕರು ಎಂದಿಟ್ಟುಕೊಳ್ಳಿ. ಇಬ್ಬರ ಹುಬ್ಬಳ್ಳಿ ಶಾಖೆಯ ವಿಳಾಸವೂ 10.1.1.0/24. ಖಾಸಗಿ ವಿಳಾಸವಾದ್ದರಿಂದ ಇಬ್ಬರೂ ಬಳಸಬಹುದು, ತಪ್ಪೇನಿಲ್ಲ. ಬೆಂಗಳೂರಿನ ಅಂಚಿನ ರೂಟರ್ ಪ್ಯಾಕೆಟ್ ಯಾವ ಲೈನಿನಿಂದ ಬಂತೆಂದು ನೋಡಿ, ಆ ಗ್ರಾಹಕನದೇ ಪ್ರತ್ಯೇಕ ಪಟ್ಟಿಯನ್ನು ತೆರೆಯುತ್ತದೆ. ಬ್ಯಾಂಕಿನ ಪ್ಯಾಕೆಟ್ಟಿಗೆ ಒಳಗಡೆ 301, ವ್ಯಾಪಾರಿಯದಕ್ಕೆ 302 ಎಂಬ ಲೇಬಲ್. ಈ ಸಂಖ್ಯೆಗಳನ್ನು ಹುಬ್ಬಳ್ಳಿಯ ಅಂಚಿನ ರೂಟರೇ ಬಿಜಿಪಿ ಮೂಲಕ ಮೊದಲೇ ತಿಳಿಸಿರುತ್ತದೆ. ಅದರ ಮೇಲೆ ಹುಬ್ಬಳ್ಳಿಯ ದಾರಿಗಾಗಿ 24005 ಎಂಬ ಹೊರ ಲೇಬಲ್. ತುಮಕೂರಿನ ರೂಟರ್ ಅದನ್ನು 24017 ಮಾಡುತ್ತದೆ. ಕೊನೆಗೆ ಒಂದು ಹೆಜ್ಜೆ ಮೊದಲು, ದಾವಣಗೆರೆಯದು ಅದನ್ನು ತೆಗೆದೇ ಬಿಡುತ್ತದೆ. ಹುಬ್ಬಳ್ಳಿಗೆ ಕಾಣುವುದು 301 ಮಾತ್ರ. ಪ್ಯಾಕೆಟ್ ನೇರ ಬ್ಯಾಂಕಿನ ಲೈನಿಗೆ ಹೋಗುತ್ತದೆ. ನಡುವಿನ ಎರಡು ರೂಟರ್‌ಗಳಿಗೆ ಬ್ಯಾಂಕಿನ ವಿಳಾಸವೂ ಗೊತ್ತಿಲ್ಲ, ವ್ಯಾಪಾರಿಯದೂ ಗೊತ್ತಿಲ್ಲ. ಸಾವಿರಾರು ಗ್ರಾಹಕರನ್ನು ಸೇರಿಸಿದರೂ ಅವುಗಳ ಪಟ್ಟಿ ಬೆಳೆಯುವುದಿಲ್ಲ. ಈ ವ್ಯವಸ್ಥೆಯ ನಿಜವಾದ ಸೊಗಸು ಇದೇ.

ಕೆಟ್ಟಾಗ ಮಾತ್ರ ಇದು ಚೆನ್ನಾಗಿ ದಾರಿ ತಪ್ಪಿಸುತ್ತದೆ. ಹೊರ ಲೇಬಲ್ ಹಂಚುವುದು ಎಲ್‌ಡಿಪಿ, ದಾರಿ ಹುಡುಕುವುದು ಓಎಸ್‌ಪಿಎಫ್. ತುಮಕೂರು ಮತ್ತು ದಾವಣಗೆರೆಯ ನಡುವೆ ಎಲ್‌ಡಿಪಿ ಮಾತ್ರ ಕಡಿದುಬಿದ್ದರೆ ಓಎಸ್‌ಪಿಎಫ್ ಅದೇ ದಾರಿಯನ್ನು ತೋರಿಸುತ್ತಲೇ ಇರುತ್ತದೆ. ಅಂಚಿನಿಂದ ಅಂಚಿಗೆ ಪಿಂಗ್ ಹೋಗುತ್ತದೆ, ಏಕೆಂದರೆ ಅದಕ್ಕೆ ಬರೀ ಐಪಿ ಸಾಕು. ಬ್ಯಾಂಕಿನ ಪ್ಯಾಕೆಟ್‌ಗಳು ಮಾತ್ರ ತುಮಕೂರಿನಲ್ಲೇ ಬಿದ್ದುಹೋಗುತ್ತವೆ. ಅಲ್ಲಿನ ಸಿಸ್ಕೊ ರೂಟರಿನಲ್ಲಿ ಈ ಆಜ್ಞೆ ಕೊಟ್ಟರೆ ಗುಟ್ಟು ರಟ್ಟಾಗುತ್ತದೆ:

```
show mpls forwarding-table
```

ಹೊರಹೋಗುವ ಲೇಬಲ್ ಇರಬೇಕಾದ ಜಾಗದಲ್ಲಿ `No Label` ಎಂದಿರುತ್ತದೆ.

ಇದನ್ನು ತಪ್ಪಿಸಲು ಅನುಭವಿ ಎಂಜಿನಿಯರರು ಎರಡನ್ನೂ ಜೋಡಿಸಿರುತ್ತಾರೆ: ಎಲ್‌ಡಿಪಿ ಸಜ್ಜಾಗುವವರೆಗೆ ಓಎಸ್‌ಪಿಎಫ್ ಆ ಕೊಂಡಿಗೆ ಅತಿ ಹೆಚ್ಚಿನ ವೆಚ್ಚ ಹೇಳಿ, ಸಂಚಾರವನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಎಷ್ಟೇ ವೆಚ್ಚವಾದರೂ ಅದೇ ಕೊಂಡಿ ಉಳಿಯುತ್ತದೆ. ಆಗ ಎಲ್‌ಡಿಪಿಯನ್ನು ಸರಿಪಡಿಸುವವರೆಗೆ ಬ್ಯಾಂಕಿನ ಶಾಖೆ ಕಾಯಲೇಬೇಕು.